ಸಣ್ಣ ಕಂಪನಿಯ ಜಾಹೀರಾತು ಬಜೆಟ್: ಬ್ರ್ಯಾಂಡಿಗೆ ಎಷ್ಟು, ತಕ್ಷಣದ ಮಾರಾಟಕ್ಕೆ ಎಷ್ಟು?

ಈ ಪ್ರಶ್ನೆ ಎತ್ತಿದ ಕೂಡಲೇ ಯಾರಾದರೊಬ್ಬರು 60:40 ಎನ್ನುತ್ತಾರೆ. ಬ್ರ್ಯಾಂಡ್ ಕಟ್ಟಲು ನೂರಕ್ಕೆ ಅರವತ್ತು, ತಕ್ಷಣದ ಮಾರಾಟ ತರುವ ಪರ್ಫಾರ್ಮೆನ್ಸ್ ಜಾಹೀರಾತಿಗೆ ನಲವತ್ತು. ಈ ಲೆಕ್ಕ ಲೆಸ್ ಬಿನೆ ಮತ್ತು ಪೀಟರ್ ಫೀಲ್ಡ್ ಎಂಬ ಇಬ್ಬರು ಬ್ರಿಟಿಷ್ ವಿಶ್ಲೇಷಕರದು. ಬ್ರಿಟನ್ನಿನ ಜಾಹೀರಾತು ಸಂಸ್ಥೆಗಳ ಒಕ್ಕೂಟ ಐಪಿಎ ಕೊಡುವ ಪ್ರಶಸ್ತಿಗೆ ಬಂದ ಪ್ರಚಾರಗಳ ದಾಖಲೆಗಳನ್ನು ಜಾಲಾಡಿ 2013ರಲ್ಲಿ ಅವರು ಇದನ್ನು ಮುಂದಿಟ್ಟರು. ಪ್ರಶಸ್ತಿಗೆ ಅರ್ಜಿ ಹಾಕುವವರಲ್ಲಿ ಹೆಚ್ಚಿನವರು ದೊಡ್ಡವರೇ. ಅವರ ಸರಕು ಆಗಲೇ ಅಂಗಡಿ ಅಂಗಡಿಯಲ್ಲಿ ಸಿಗುತ್ತದೆ, ಹೆಸರು ಜನರ ಬಾಯಲ್ಲಿದೆ. ಆ ಅಂಕಿ ಒಂದು ಸರಾಸರಿ ಮಾತ್ರ, ವ್ಯಾಪಾರದ ಬಗೆಗೆ ತಕ್ಕಂತೆ ಅನುಪಾತ ಬದಲಾಗುತ್ತದೆ ಎಂದು 2018ರ ವರದಿಯಲ್ಲಿ ಅವರೇ ವಿವರಿಸಿದ್ದಾರೆ. ತಿಂಗಳಿಗೆ ಒಂದು ಲಕ್ಷ ಖರ್ಚು ಮಾಡುವ ಕಂಪನಿ ಅದನ್ನು ಹಾಗೇ ಎತ್ತಿಕೊಂಡರೆ ಎರಡೂ ಕಡೆ ಕಾಸು ಸಾಲದೆ ಒದ್ದಾಡುತ್ತದೆ.

ನಾವು ಹೇಳುವ ದಾರಿ ಇದಕ್ಕೆ ತಿರುಗುಮುರುಗು. ಅನುಪಾತವನ್ನು ಮೊದಲೇ ಆರಿಸಬೇಡಿ. ಪರ್ಫಾರ್ಮೆನ್ಸ್ ಜಾಹೀರಾತಿನಲ್ಲಿ ನೀವು ಹಾಕುವ ಕೊನೆಯ ಸಾವಿರ ರೂಪಾಯಿ ಎಲ್ಲಿ ದುಡಿಯುವುದನ್ನು ನಿಲ್ಲಿಸುತ್ತದೆ ಎಂದು ಹುಡುಕಿ. ಅಲ್ಲಿಂದಾಚೆಗಿನ ಹಣ ಬ್ರ್ಯಾಂಡಿನದು. ಶೇಕಡಾವಾರು ಕೊನೆಗೆ ತಾನಾಗಿ ಹೊರಬರುತ್ತದೆ.

ಉದಾಹರಣೆಗೆ ಚಿಕ್ಕಮಗಳೂರಿನ ಒಂದು ಫಿಲ್ಟರ್ ಕಾಫಿ ಪುಡಿ ಕಂಪನಿ ಇದೆ ಎಂದಿಟ್ಟುಕೊಳ್ಳೋಣ. ವರ್ಷದ ವಹಿವಾಟು 1.2 ಕೋಟಿ ರೂಪಾಯಿ. ಹೆಚ್ಚಿನ ಮಾರಾಟ ವೆಬ್‌ಸೈಟ್ ಮತ್ತು ವಾಟ್ಸ್ಆ್ಯಪ್ ಮೂಲಕ. ಮೈಸೂರಿನ ಸುಮಾರು ನಲವತ್ತು ಅಂಗಡಿಗಳಲ್ಲೂ ಪ್ಯಾಕೆಟ್ ಸಿಗುತ್ತದೆ. ಜಾಹೀರಾತಿಗೆ ತಿಂಗಳಿಗೆ ಒಂದು ಲಕ್ಷ, ಅಷ್ಟೂ ಗೂಗಲ್ ಮತ್ತು ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳ ಒಡೆಯ ಮೆಟಾಕ್ಕೆ. ಮುಂದೆ ಬರುವ ಈ ಕಂಪನಿಯ ಅಂಕಿಗಳೆಲ್ಲ ಲೆಕ್ಕ ತೋರಿಸಲು ಇಟ್ಟುಕೊಂಡವು. ಆ ಜಾಗದಲ್ಲಿ ನಿಮ್ಮವನ್ನು ಹಾಕಿಕೊಳ್ಳಿ.

ಮೊದಲ ಹೆಜ್ಜೆ: ಒಂದು ಆರ್ಡರಿನಲ್ಲಿ ಕೈಗೆ ಉಳಿಯುವುದೆಷ್ಟು

ಜಾಹೀರಾತಿನ ಮಾತು ಶುರುವಾಗುವುದು ಜಾಹೀರಾತಿನಿಂದಲ್ಲ, ಬಿಲ್ಲಿನಿಂದ. ನಮ್ಮ ಕಂಪನಿಯ ಸರಾಸರಿ ಆರ್ಡರ್ ಜಿಎಸ್‌ಟಿ ಬಿಟ್ಟು 600 ರೂಪಾಯಿ. ಬೀಜ, ಚಿಕೋರಿ, ಹುರಿದು ಪುಡಿ ಮಾಡುವ ಖರ್ಚು ಸೇರಿ 300. ಪ್ಯಾಕಿಂಗ್ 30, ಕೊರಿಯರ್ 60, ಪೇಮೆಂಟ್ ಗೇಟ್‌ವೇ 12. ಕ್ಯಾಶ್ ಆನ್ ಡೆಲಿವರಿಯಲ್ಲಿ ಗಿರಾಕಿ ಬಾಗಿಲು ತೆರೆಯದೆ ವಾಪಸ್ ಬರುವ ಪೊಟ್ಟಣಗಳ ಹೊರೆಯನ್ನು ಎಲ್ಲ ಆರ್ಡರಿಗೂ ಹಂಚಿದರೆ 18. ಇವೆಲ್ಲ ಕಳೆದರೆ ಉಳಿಯುವುದು 180. ಬಾಡಿಗೆ, ಸಂಬಳ ಇದರಲ್ಲಿ ಸೇರಿಲ್ಲ. ಒಂದು ಆರ್ಡರ್ ಹೆಚ್ಚಾದ ಮಾತ್ರಕ್ಕೆ ಅವು ಹೆಚ್ಚುವುದಿಲ್ಲವಲ್ಲ.

ವಾಪಸ್ ಬರುವ ಪೊಟ್ಟಣಗಳನ್ನು ಈ ಲೆಕ್ಕದಲ್ಲಿ ಬಿಡುವವರೇ ಹೆಚ್ಚು. ಜಾಹೀರಾತಿನ ಡ್ಯಾಶ್‌ಬೋರ್ಡ್ ಆರ್ಡರ್ ಬಿದ್ದ ಕ್ಷಣವೇ ಅದನ್ನು ಗೆಲುವು ಎಂದು ಬರೆದುಕೊಳ್ಳುತ್ತದೆ. ನಾಲ್ಕು ದಿನದ ಮೇಲೆ ಪೊಟ್ಟಣ ಮರಳಿ ಬಂದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ.

ಇನ್ನು ಮರುಖರೀದಿ. ಕಳೆದ ವರ್ಷದ ಆರ್ಡರ್ ಪಟ್ಟಿ ತೆಗೆದು ಮೊಬೈಲ್ ನಂಬರ್ ಪ್ರಕಾರ ಜೋಡಿಸಿ. ಒಂದೇ ತಿಂಗಳಲ್ಲಿ ಮೊದಲ ಸಲ ಕೊಂಡ ಎಲ್ಲರನ್ನೂ ಹಿಡಿದು, ಆರು ತಿಂಗಳಲ್ಲಿ ಮತ್ತು ಹನ್ನೆರಡು ತಿಂಗಳಲ್ಲಿ ಒಟ್ಟು ಎಷ್ಟು ಆರ್ಡರ್ ಕೊಟ್ಟರು ಎಂದು ಎಣಿಸಿ, ತಲಾವಾರು ಭಾಗಿಸಿ. ನಮ್ಮ ಕಂಪನಿಯಲ್ಲಿ ಆರು ತಿಂಗಳಿಗೆ 1.8, ವರ್ಷಕ್ಕೆ 3 ಎಂದುಕೊಳ್ಳೋಣ. ಅಂದರೆ ಹೊಸ ಗಿರಾಕಿಯೊಬ್ಬರಿಂದ ಆರು ತಿಂಗಳಲ್ಲಿ 324, ವರ್ಷದಲ್ಲಿ 540 ರೂಪಾಯಿ ಉಳಿಯುತ್ತದೆ.

ಪರ್ಫಾರ್ಮೆನ್ಸ್ ಜಾಹೀರಾತಿಗೆ ಆರು ತಿಂಗಳ ಅಂಕಿಯನ್ನೇ ಮಿತಿಯಾಗಿ ಇಟ್ಟುಕೊಳ್ಳುವುದು ಸಣ್ಣ ಕಂಪನಿಗೆ ಕ್ಷೇಮ. ‘ಗಿರಾಕಿಯ ಜೀವಮಾನದ ಮೌಲ್ಯ’ ಎಂದು ಐದು ವರ್ಷದ ಲೆಕ್ಕ ತೋರಿಸುವ ಏಜೆನ್ಸಿಗಳಿವೆ. ಕಾಫಿ ಬೀಜ ಕೊಟ್ಟ ಪ್ಲಾಂಟರ್ ಐದು ವರ್ಷ ಕಾಯುವುದಿಲ್ಲ. ಮೊದಲ ಖರೀದಿಗೆ ಕೂಪನ್ ಕೊಡುತ್ತಿದ್ದರೆ ಅದನ್ನೂ ಜಾಹೀರಾತು ಖರ್ಚಿಗೇ ಸೇರಿಸಿ. ಹೊಸ ಗಿರಾಕಿಯನ್ನು ಕರೆತರಲು ಕೊಟ್ಟ ಹಣವೇ ಅದು, ದಾರಿ ಬೇರೆ ಅಷ್ಟೆ.

ಇಲ್ಲೇ ಒಂದು ತಡೆ ಇದೆ. ಮೊದಲ ಸಲ ಕೊಂಡ ನೂರು ಜನರಲ್ಲಿ ಮೂರು ತಿಂಗಳೊಳಗೆ ಇಪ್ಪತ್ತು ಜನವೂ ಮರಳದಿದ್ದರೆ ಈ ಮಾರ್ಗದರ್ಶಿಯನ್ನು ಪಕ್ಕಕ್ಕಿಡಿ. ಕಾಫಿ ಪುಡಿಯಂಥ ದಿನಬಳಕೆಯ ಸರಕಿನಲ್ಲಿ ಅಷ್ಟೂ ಜನ ವಾಪಸ್ ಬರುತ್ತಿಲ್ಲವೆಂದರೆ ತೊಂದರೆ ರುಚಿಯಲ್ಲೋ ಬೆಲೆಯಲ್ಲೋ ತಲುಪುವ ವಿಳಂಬದಲ್ಲೋ ಇದೆ. ಹೆಸರು ಹಬ್ಬಿಸಿದಷ್ಟೂ ಆ ಕೆಟ್ಟ ಅನುಭವವೇ ಹಬ್ಬುತ್ತದೆ.

ಎರಡನೇ ಹೆಜ್ಜೆ: ದುಡಿದಂತೆ ಕಾಣಿಸುವ ಹಣವನ್ನು ಬೇರೆ ಮಾಡಿ

ನಮ್ಮ ಕಂಪನಿಯ ಒಂದು ಲಕ್ಷ ಹೀಗೆ ಹೋಗುತ್ತಿದೆ: ಕಂಪನಿಯ ಹೆಸರನ್ನೇ ಗೂಗಲ್‌ನಲ್ಲಿ ಹುಡುಕುವವರಿಗೆ ತೋರಿಸುವ ಜಾಹೀರಾತಿಗೆ 15,000. ವೆಬ್‌ಸೈಟಿಗೆ ಬಂದು ಕೊಳ್ಳದೆ ಹೋದವರ ಬೆನ್ನು ಹತ್ತುವ ರೀಟಾರ್ಗೆಟಿಂಗ್‌ಗೆ 20,000. ಕಂಪನಿಯ ಹೆಸರೇ ಗೊತ್ತಿಲ್ಲದ ಹೊಸಬರಿಗೆ 65,000. ಡ್ಯಾಶ್‌ಬೋರ್ಡ್ ನೋಡಿದರೆ ಮೊದಲೆರಡು ಭಾರಿ ಲಾಭ ತರುವಂತೆ ಕಾಣುತ್ತವೆ, ಮೂರನೆಯದು ಸಪ್ಪೆ. ಈ ನೋಟವೇ ಬಹುಪಾಲು ಸಣ್ಣ ಕಂಪನಿಗಳ ದಾರಿ ತಪ್ಪಿಸುವುದು.

ಹೆಸರನ್ನೇ ಟೈಪ್ ಮಾಡಿದವರು ಕೊಳ್ಳಲೆಂದೇ ಬಂದವರು. ಜಾಹೀರಾತು ಇಲ್ಲದಿದ್ದರೆ ಅದರ ಕೆಳಗೇ ಇರುವ ಉಚಿತ ಲಿಂಕ್ ಒತ್ತುತ್ತಿದ್ದರು. ಈಬೇ ಕಂಪನಿ ಇದನ್ನು ಪರೀಕ್ಷಿಸಿಯೇ ನೋಡಿತು. ತನ್ನ ಹೆಸರಿನ ಹುಡುಕಾಟದ ಜಾಹೀರಾತು ನಿಲ್ಲಿಸಿದಾಗ ಕಳೆದುಹೋದ ಕ್ಲಿಕ್‌ಗಳು ಹೆಚ್ಚೂಕಡಿಮೆ ಪೂರ್ತಿಯಾಗಿ ಉಚಿತ ಲಿಂಕ್ ಮೂಲಕ ಮರಳಿದವು. ಆ ಪ್ರಯೋಗ ನಡೆಸಿದ ಬ್ಲೇಕ್, ನೋಸ್ಕೊ, ಟಾಡೆಲಿಸ್ ಎಂಬ ಅರ್ಥಶಾಸ್ತ್ರಜ್ಞರ ಪ್ರಬಂಧ 2015ರಲ್ಲಿ ಪ್ರಕಟವಾಯಿತು. ಈಬೇ ಲೋಕಪ್ರಸಿದ್ಧ ಹೆಸರು, ನಿಮ್ಮದು ಅಲ್ಲ. ಹಾಗಾಗಿ ಅವರ ಫಲಿತಾಂಶವನ್ನು ನಂಬಿ ಕೂರದೆ ನೀವೇ ಪರೀಕ್ಷಿಸಿ. ಖರ್ಚಿಲ್ಲದ ಪರೀಕ್ಷೆ ಇದು.

ಹಬ್ಬವಿಲ್ಲದ, ಆಫರ್ ಇಲ್ಲದ ನಾಲ್ಕು ವಾರ ಆರಿಸಿಕೊಳ್ಳಿ. ಮೊದಲ ಎರಡು ವಾರ ಎಂದಿನಂತೆ ನಡೆಯಲಿ. ಮುಂದಿನ ಎರಡು ವಾರ ಹೆಸರಿನ ಹುಡುಕಾಟದ ಕ್ಯಾಂಪೇನ್ ಮಾತ್ರ ನಿಲ್ಲಿಸಿ. ಗೂಗಲ್ ಹುಡುಕಾಟದಿಂದ ಸೈಟಿಗೆ ಬಂದವರ ಲೆಕ್ಕ ಕೊಡುವ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ನಿಮ್ಮ ಹೆಸರಿರುವ ಹುಡುಕಾಟದ ಕ್ಲಿಕ್‌ಗಳು ಎಷ್ಟು ಏರಿದವು, ನಿಮ್ಮದೇ ಪಟ್ಟಿಯಲ್ಲಿ ಒಟ್ಟು ಆರ್ಡರ್ ಎಷ್ಟು ಇಳಿದವು ಎಂದು ನೋಡಿ. ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ತಪ್ಪು ಕಾಗುಣಿತದಲ್ಲೂ ಹುಡುಕುವವರಿರುತ್ತಾರೆ, ಎಲ್ಲವನ್ನೂ ಎಣಿಕೆಗೆ ಸೇರಿಸಿ. ಒಂದೇ ಸಂದರ್ಭದಲ್ಲಿ ಈ ಜಾಹೀರಾತು ಉಳಿಸಿಕೊಳ್ಳಬೇಕು: ನಿಮ್ಮ ಹೆಸರಿನ ಮೇಲೆ ಎದುರಾಳಿಯೊಬ್ಬ ಜಾಹೀರಾತು ಹಾಕುತ್ತಿದ್ದು, ನೀವು ನಿಲ್ಲಿಸಿದ ಕೂಡಲೇ ಅವನು ಮೇಲೆ ಬಂದು ಕೂತಾಗ. ಆಗಲೂ ಸಣ್ಣ ದಿನಮಿತಿ ಸಾಕು.

ರೀಟಾರ್ಗೆಟಿಂಗ್‌ಗೂ ಹೀಗೇ ಎರಡು ವಾರದ ಬಿಡುವು ಕೊಡಿ. ಎರಡನ್ನೂ ಒಟ್ಟಿಗೆ ನಿಲ್ಲಿಸಬೇಡಿ, ಯಾವುದರಿಂದ ಏನಾಯಿತು ಎಂದು ತಿಳಿಯದೆ ಹೋಗುತ್ತದೆ. ಮೆಟಾ ಸಾಮಾನ್ಯವಾಗಿ, ಜಾಹೀರಾತು ಒತ್ತಿದ ಏಳು ದಿನದೊಳಗಿನ ಅಥವಾ ಬರೀ ಕಣ್ಣಿಗೆ ಬಿದ್ದ ಒಂದು ದಿನದೊಳಗಿನ ಖರೀದಿಯನ್ನು ತನ್ನ ಖಾತೆಗೆ ಬರೆದುಕೊಳ್ಳುತ್ತದೆ. ಅದೇ ಆರ್ಡರನ್ನು ಗೂಗಲ್ ಕೂಡ ತನ್ನದೆನ್ನಬಹುದು. ಎರಡರ ಮೊತ್ತ ನಿಮ್ಮ ನಿಜವಾದ ಆರ್ಡರ್‌ಗಿಂತ ಹೆಚ್ಚು ಬರುವುದು ಇದಕ್ಕೇ. ತೀರ್ಪು ಕೊಡಬೇಕಾದ್ದು ನಿಮ್ಮ ಆರ್ಡರ್ ಪುಸ್ತಕ, ಅವರ ಪರದೆಯಲ್ಲ.

ನಮ್ಮ ಕಂಪನಿಯಲ್ಲಿ ಈ 35,000ದಲ್ಲಿ 10,000 ಮಾತ್ರ ನಿಜವಾಗಿ ಬೇಕಿತ್ತು ಎಂದು ಕಂಡುಬಂತೆನ್ನೋಣ. 25,000 ಬಿಡುವಾಯಿತು.

ಮೂರನೇ ಹೆಜ್ಜೆ: ಕೊನೆಯ ಸಾವಿರ ಏನು ತಂದಿತು

ಈಗ ಹೊಸಬರಿಗೆಂದು ಹೋಗುವ 65,000. ಇಲ್ಲಿ ಸರಾಸರಿ ನೋಡಿದರೆ ಮೋಸ ಹೋಗುತ್ತೀರಿ. ಖರ್ಚನ್ನು ಮೂರು ಮಟ್ಟದಲ್ಲಿಟ್ಟು ಪ್ರತಿ ಮಟ್ಟದಲ್ಲೂ ಒಂದೊಂದು ತಿಂಗಳು ನಡೆಸಿ, ಮೊದಲ ಬಾರಿ ಕೊಂಡ ಹೊಸ ಮೊಬೈಲ್ ನಂಬರ್‌ಗಳನ್ನು ಎಣಿಸಿ.

| ತಿಂಗಳ ಖರ್ಚು | ಹೊಸ ಗಿರಾಕಿಗಳು | ಸರಾಸರಿ ತಲಾ ಖರ್ಚು | ಹೆಚ್ಚುವರಿ ಗಿರಾಕಿಯ ತಲಾ ಖರ್ಚು |
|---|---|---|---|
| 25,000 | 160 | 156 | 156 |
| 45,000 | 250 | 180 | 222 |
| 65,000 | 300 | 217 | 400 |

ಮೂರನೇ ಕಾಲಂ ನೋಡಿದ ಮಾಲೀಕರು 217 ನಮ್ಮ 324ರ ಮಿತಿಯೊಳಗೇ ಇದೆ ಎಂದು ಇನ್ನಷ್ಟು ಸುರಿಯುತ್ತಾರೆ. ನಾಲ್ಕನೇ ಕಾಲಂ ನಿಜ ಹೇಳುತ್ತದೆ. ಕೊನೆಯ 20,000 ತಂದದ್ದು ಬರೀ 50 ಜನರನ್ನು, ತಲಾ 400 ರೂಪಾಯಿಗೆ. ಆರು ತಿಂಗಳಲ್ಲಿ ಅವರಿಂದ ಉಳಿಯುವುದು 324. ಹೀಗೆ ಕಷ್ಟಪಟ್ಟು ಕರೆತಂದ ಗಿರಾಕಿಗಳು ಮರುಖರೀದಿಯಲ್ಲೂ ಹಿಂದೆ ಬೀಳುವುದೇ ಹೆಚ್ಚು. ಹಾಗಾಗಿ ನಿಜವಾದ ನಷ್ಟ ಇನ್ನೂ ದೊಡ್ಡದು.

ಹೀಗಾಗುವುದಕ್ಕೆ ಕಾರಣ ಸರಳ. ಈ ತಿಂಗಳು ಕಾಫಿ ಪುಡಿ ಬದಲಿಸಲು ಸಿದ್ಧರಿರುವ ಜನ ಇಷ್ಟೇ ಎಂದಿರುತ್ತದೆ. ಮೆಟಾ, ಗೂಗಲ್ ಎರಡೂ ಸುಲಭಕ್ಕೆ ಒಲಿಯುವವರನ್ನು ಮೊದಲು ಹುಡುಕಿ ಕೊಡುತ್ತವೆ. ಅವರು ಮುಗಿದ ಮೇಲೆ ಅದೇ ಜಾಹೀರಾತು ಮನಸ್ಸಿಲ್ಲದವರ ಮುಂದೆ ಮತ್ತೆ ಮತ್ತೆ ಬರುತ್ತದೆ. ಆ ಜನರ ಸಂಖ್ಯೆಯನ್ನೇ ದೊಡ್ಡದು ಮಾಡುವ ಕೆಲಸ ಬ್ರ್ಯಾಂಡಿನದು. ಈ ಎರಡು ಬಗೆಯ ಖರ್ಚಿಗೂ ಇರುವ ನಂಟು ಇದೇ.

ಖರ್ಚಿನ ಮಟ್ಟ ಬದಲಿಸುವಾಗ ಒಂದು ಎಚ್ಚರ. ಮೆಟಾದಲ್ಲಿ ಬಜೆಟ್ ಒಮ್ಮೆಲೇ ಬಹಳ ಏರಿಸಿದರೆ ಅಥವಾ ಜಾಹೀರಾತು ಬದಲಿಸಿದರೆ ಯಾರಿಗೆ ತೋರಿಸಬೇಕೆಂದು ಯಂತ್ರ ಕಲಿಯುವ ಹಂತ ಮತ್ತೆ ಶುರುವಾಗುತ್ತದೆ. ಆ ಹಂತ ದಾಟಲು, ಒಂದೇ ಗುರಿಯ ಜಾಹೀರಾತುಗಳ ಗುಂಪಾದ ಒಂದು ಆ್ಯಡ್ ಸೆಟ್‌ಗೆ ವಾರಕ್ಕೆ ಸುಮಾರು 50 ಖರೀದಿ ಬೇಕು. ತಿಂಗಳಿಗೆ ಮುನ್ನೂರು ಹೊಸ ಗಿರಾಕಿಗಳ ಕಂಪನಿ ಎಂಟು ಆ್ಯಡ್ ಸೆಟ್ ಮಾಡಿ ಹಣ ಹಂಚಿದರೆ ಯಾವುದೂ ಆ ಹಂತ ದಾಟುವುದಿಲ್ಲ, ಬಂದ ಅಂಕಿಗಳೂ ನಂಬಲು ಲಾಯಕ್ಕಲ್ಲ. ಒಂದೇ ಆ್ಯಡ್ ಸೆಟ್ ಇರಲಿ, ಬಜೆಟನ್ನು ಸ್ವಲ್ಪ ಸ್ವಲ್ಪವೇ ಬದಲಿಸಿ, ಗುರಿ ಮುಟ್ಟಿದ ಮೇಲೆ ಕೈ ಕಟ್ಟಿ ಕೂರಿ. ದಸರಾ, ದೀಪಾವಳಿಯ ಆಸುಪಾಸು ಈ ಅಳತೆಗೆ ಕೈ ಹಾಕಬೇಡಿ. ದೊಡ್ಡ ಆನ್‌ಲೈನ್ ಮಳಿಗೆಗಳ ಮಹಾಮಾರಾಟದ ವಾರಗಳಲ್ಲಿ ಜಾಹೀರಾತಿನ ಹರಾಜು ದರವೇ ಏರಿರುತ್ತದೆ.

ನಮ್ಮ ಕಂಪನಿ ಹೊಸಬರ ಖರ್ಚನ್ನು 50,000ಕ್ಕೆ ನಿಲ್ಲಿಸಿತು. ಮೊದಲಿನ 10,000 ಸೇರಿ ಪರ್ಫಾರ್ಮೆನ್ಸ್‌ಗೆ 60,000. ಬ್ರ್ಯಾಂಡಿಗೆ ಉಳಿದದ್ದು 40,000. ಪ್ರಸಿದ್ಧ ಅನುಪಾತ ತಲೆಕೆಳಗಾಗಿ ನಿಂತಿತು, ಆದರೆ ಅದು ಕಾಕತಾಳೀಯ. ಕೋಷ್ಟಕದಲ್ಲಿ ಕೊನೆಯ ಅಂಕಿ 400ರ ಬದಲು 260 ಬಂದಿದ್ದರೆ ಸರಿಯಾದ ಉತ್ತರ 75:25 ಆಗುತ್ತಿತ್ತು. ಹೊಸದಾಗಿ ಶುರುವಾದ, ಇನ್ನೂ ಸಾವಿರ ಗಿರಾಕಿಗಳೂ ಇಲ್ಲದ ಕಂಪನಿಗೆ ಈ ಲೆಕ್ಕ ಹಾಕಿದರೆ ಬಹುತೇಕ ಎಲ್ಲ ಹಣವೂ ಪರ್ಫಾರ್ಮೆನ್ಸ್‌ಗೇ ಹೋಗಬೇಕು ಎಂದು ಬರುತ್ತದೆ. ಸುಲಭಕ್ಕೆ ಒಲಿಯುವವರೇ ಇನ್ನೂ ಮುಗಿದಿಲ್ಲದಾಗ ಅದು ಸರಿಯೂ ಹೌದು.

ನಾಲ್ಕನೇ ಹೆಜ್ಜೆ: ಬ್ರ್ಯಾಂಡಿನ ಹಣ ಒಂದೇ ಊರಿಗೆ

ಸಣ್ಣ ಕಂಪನಿಗಳ ಬ್ರ್ಯಾಂಡ್ ಖರ್ಚು ವ್ಯರ್ಥವಾಗುವುದು ಹೆಚ್ಚಾಗಿ ಹಣ ಕಡಿಮೆ ಎಂದಲ್ಲ, ಅದನ್ನು ತೆಳ್ಳಗೆ ಹರಡುವುದರಿಂದ. 40,000ದಲ್ಲಿ 5,000ವನ್ನು ಜಾಹೀರಾತು ತಯಾರಿಗೆ, 5,000ವನ್ನು ಅಂಗಡಿಯ ಬೋರ್ಡು ಮತ್ತು ರುಚಿ ತೋರಿಸುವುದಕ್ಕೆ ತೆಗೆದಿಟ್ಟರೆ ಉಳಿಯುವುದು 30,000. ಯೂಟ್ಯೂಬ್, ಇನ್‌ಸ್ಟಾಗ್ರಾಮ್ ವಿಡಿಯೊ ಸಾವಿರ ಸಲ ತೋರಿಸಲು 60 ರೂಪಾಯಿ ಎಂದುಕೊಂಡರೆ (ನಿಮ್ಮ ಖಾತೆಯಲ್ಲಿನ ದರ ಹಾಕಿಕೊಳ್ಳಿ) ತಿಂಗಳಿಗೆ 5 ಲಕ್ಷ ಸಲ ತೋರಿಸಬಹುದು. 2011ರ ಜನಗಣತಿಯಲ್ಲೇ ಕರ್ನಾಟಕದ ಜನಸಂಖ್ಯೆ 6 ಕೋಟಿ ದಾಟಿತ್ತು. ಇಡೀ ರಾಜ್ಯಕ್ಕೆ ಹರಡಿದರೆ ನೂರರಲ್ಲಿ ಒಬ್ಬರಿಗೂ ಒಮ್ಮೆ ಕಾಣುವುದಿಲ್ಲ. ಮೈಸೂರು ನಗರಕ್ಕಷ್ಟೇ ಕಟ್ಟಿದರೆ ಸುಮಾರು 1.67 ಲಕ್ಷ ಜನರಿಗೆ ತಿಂಗಳಿಗೆ ಮೂರು ಸಲ ಕಾಣುತ್ತದೆ. ಅದು ನೆನಪಿನಲ್ಲಿ ನಿಲ್ಲುವ ಪ್ರಮಾಣ.

ಊರು ಆರಿಸುವಾಗ ಮೂರು ಸಂಗತಿ ನೋಡಿ: ಅಲ್ಲಿ ಈ ಸರಕಿನ ರೂಢಿ ಇರಬೇಕು, ನಿಮ್ಮ ಪ್ಯಾಕೆಟ್ ಅಂಗಡಿಯಲ್ಲಿ ಸಿಗಬೇಕು, ನಿಮಗೆ ಈಗಾಗಲೇ ಒಂದಿಷ್ಟು ಗಿರಾಕಿಗಳಿರಬೇಕು. ಎರಡನೆಯದು ಮುಖ್ಯ. ಜಾಹೀರಾತು ನೋಡಿ ಅಂಗಡಿಗೆ ಹೋದವರಿಗೆ ನಿಮ್ಮ ಪುಡಿ ಸಿಗದಿದ್ದರೆ ಅಂಗಡಿಯವರು “ಅದಿಲ್ಲ ಸಾರ್, ಇದು ತಗೊಳ್ಳಿ, ಚೆನ್ನಾಗಿದೆ” ಎಂದು ಬೇರೊಂದನ್ನು ಕೈಗಿಡುತ್ತಾರೆ. ನಿಮ್ಮ ಖರ್ಚಿನಲ್ಲಿ ಎದುರಾಳಿಯ ಮಾರಾಟ. ಪ್ರಚಾರ ಶುರುವಾಗುವ ಮುನ್ನ ಆ ನಲವತ್ತು ಅಂಗಡಿಗಳಿಗೆ ಒಬ್ಬರನ್ನು ಕಳಿಸಿ, ಶೆಲ್ಫಿನಲ್ಲಿ ಎಷ್ಟು ಪ್ಯಾಕೆಟ್ ಇದೆ, ಅದರ ಮೇಲೆ ಯಾವ ತಿಂಗಳ ಮುದ್ರೆ ಇದೆ ಎಂದು ಬರೆಸಿಕೊಳ್ಳಿ.

ಕ್ಯಾಂಪೇನ್ ಹೊಂದಿಸುವಾಗ ತಪ್ಪುವ ಎರಡು ಜಾಗ. ಮೆಟಾದಲ್ಲಿ ಗುರಿಯನ್ನು `Sales` ಎಂದು ಬಿಟ್ಟರೆ ಯಂತ್ರ ಮತ್ತೆ ಸುಲಭಕ್ಕೆ ಒಲಿಯುವವರ ಹಿಂದೆಯೇ ಓಡುತ್ತದೆ. ಬ್ರ್ಯಾಂಡ್ ಜಾಹೀರಾತಿಗೆ `Awareness` ಆರಿಸಿ, ವಯಸ್ಸು ಮತ್ತು ಊರು ಬಿಟ್ಟರೆ ಬೇರೆ ಜರಡಿ ಹಿಡಿಯಬೇಡಿ. ಗೂಗಲ್‌ನಲ್ಲಿ ಸ್ಥಳದ ಆಯ್ಕೆಯಲ್ಲಿ ಇದನ್ನು ಗುರುತು ಮಾಡಿ:

```
Presence: People in or regularly in your targeted locations
```

ಇಲ್ಲದಿದ್ದರೆ ಮೈಸೂರಿನ ಬಗ್ಗೆ ಆಸಕ್ತಿ ತೋರಿಸಿದವರೂ ಸೇರಿಬಿಡುತ್ತಾರೆ. ಮೈಸೂರಿನಂಥ ಪ್ರವಾಸಿ ಊರಿನಲ್ಲಿ ಅದರರ್ಥ, ದಸರಾ ಟಿಕೆಟ್ ಹುಡುಕುವ ದೆಹಲಿಯವರಿಗೂ ನಿಮ್ಮ ಕಾಫಿ ಜಾಹೀರಾತು ಹೋಗಬಹುದು.

ಜಾಹೀರಾತಿನಲ್ಲಿ ಏನಿರಬೇಕು ಎಂಬುದಕ್ಕೆ ಉದ್ದನೆಯ ಉಪದೇಶ ಬೇಡ. ಯೂಟ್ಯೂಬ್‌ನಲ್ಲಿ ಐದು ಸೆಕೆಂಡಿಗೆ ಸ್ಕಿಪ್ ಬಟನ್ ಬರುತ್ತದೆ. ಅಷ್ಟರೊಳಗೆ ಹೆಸರು ಕಿವಿಗೂ ಪ್ಯಾಕೆಟ್ ಕಣ್ಣಿಗೂ ಬಿದ್ದಿರಬೇಕು. ಕಾಫಿ ನೆನಪಾಗುವ ಒಂದು ಹೊತ್ತಿಗೆ ಹೆಸರನ್ನು ಕಟ್ಟಿಹಾಕಿ: ಬೆಳಗ್ಗೆ ಎದ್ದ ಕೂಡಲೇ ಡಿಕಾಕ್ಷನ್ ಇಳಿಯುವ ಹೊತ್ತು, ಅಥವಾ ನೆಂಟರು ಬಂದು ಕೂತ ಹೊತ್ತು. ಎರಡರಲ್ಲಿ ಒಂದು, ವರ್ಷವಿಡೀ ಅದೇ. ಪ್ಯಾಕೆಟ್ಟಿನ ಬಣ್ಣ, ಹೆಸರು ಹೇಳುವ ದನಿ ಬದಲಾಗಬಾರದು. ‘ಶೇ. 20 ರಿಯಾಯಿತಿ’ ಎಂದು ಇಲ್ಲಿ ತುರುಕಿದರೆ ಅದು ಸೋಗು ಹಾಕಿದ ಪರ್ಫಾರ್ಮೆನ್ಸ್ ಜಾಹೀರಾತು ಆಗುತ್ತದೆ. ಜನ ನೆನಪಿಟ್ಟುಕೊಳ್ಳುವುದು ರಿಯಾಯಿತಿಯನ್ನು, ಮುಂದಿನ ಸಲ ಅದಿಲ್ಲದೆ ಕೊಳ್ಳುವುದಿಲ್ಲ. ಮಾಲೀಕರಿಗೆ ತಮ್ಮ ಜಾಹೀರಾತು ಮೂರೇ ತಿಂಗಳಲ್ಲಿ ಹಳಸಿತು ಎನಿಸುತ್ತದೆ. ದಿನಾ ನೋಡುವವರು ಅವರೊಬ್ಬರೇ. ಗಿರಾಕಿ ಆಗ ತಾನೇ ಗಮನಿಸಲು ಶುರು ಮಾಡಿರುತ್ತಾರೆ.

ಐದನೇ ಹೆಜ್ಜೆ: ಬ್ರ್ಯಾಂಡ್ ಖರ್ಚನ್ನು ಅಳೆಯುವುದು

ಬ್ರ್ಯಾಂಡ್ ಅಳೆಯಲಾಗದು ಎಂಬ ಮಾತು ಸೋಮಾರಿತನದ್ದು. ಕ್ಲಿಕ್ಕಿನಿಂದ ಅಳೆಯಲಾಗದು ಅಷ್ಟೆ, ಊರಿನಿಂದ ಅಳೆಯಬಹುದು. ಬ್ರ್ಯಾಂಡ್ ಜಾಹೀರಾತು ಮೈಸೂರಿನಲ್ಲಿ ಮಾತ್ರ ಓಡಲಿ. ಹೋಲಿಕೆಗೆ ಅದಿಲ್ಲದ ಎರಡು ಊರು ಇಟ್ಟುಕೊಳ್ಳಿ. ಪರ್ಫಾರ್ಮೆನ್ಸ್ ಜಾಹೀರಾತು ಎಲ್ಲ ಕಡೆ ಒಂದೇ ಸಮ ಇರಲಿ.

ಹೋಲಿಕೆಯ ಊರು ಒಂದೇ ಜಾತಿಯದಾಗಿರಬೇಕು. ಮೈಸೂರಿಗೆ ಹುಬ್ಬಳ್ಳಿ ಹೋಲಿಸಿದರೆ ಕೆಲಸ ಕೆಟ್ಟಿತು, ಅದು ಚಹಾದ ಊರು. ಬೆಂಗಳೂರಂತೂ ಯಾವುದಕ್ಕೂ ಹೋಲಿಕೆಯಲ್ಲ. ತುಮಕೂರು, ಶಿವಮೊಗ್ಗ ಪರವಾಗಿಲ್ಲ. ಆರ್ಡರ್‌ಗಳನ್ನು ಪಿನ್‌ಕೋಡ್‌ನಿಂದ ಬೇರ್ಪಡಿಸುವಾಗ ಮೊದಲ ಮೂರಂಕಿ ನಂಬಬೇಡಿ. 577 ಎಂದಷ್ಟೇ ಹಿಡಿದರೆ ದಾವಣಗೆರೆ, ಚಿಕ್ಕಮಗಳೂರು, ಶಿವಮೊಗ್ಗ ಮೂರೂ ಬೆರೆಯುತ್ತವೆ. ಅದರಲ್ಲಿ ಚಿಕ್ಕಮಗಳೂರು ಈ ಕಂಪನಿಯ ತವರು, ಅಲ್ಲಿ ಅದಕ್ಕೆ ಆಗಲೇ ಹೆಸರಿದೆ. ಶಿವಮೊಗ್ಗ ನಗರಕ್ಕೆ 5772ರವರೆಗೆ ನಾಲ್ಕಂಕಿ ಹಿಡಿದು, ಊರಿನ ಹೆಸರನ್ನೂ ತಾಳೆ ನೋಡಿ. ಇನ್ನು ಸರ್ಚ್ ಕನ್ಸೋಲ್ ದೇಶದ ಲೆಕ್ಕ ಕೊಡುತ್ತದೆಯೇ ಹೊರತು ಊರಿನ ಲೆಕ್ಕ ಕೊಡುವುದಿಲ್ಲ. ಹೀಗಾಗಿ ಹೆಸರಿನ ಹುಡುಕಾಟ ಮೈಸೂರಿನಲ್ಲಿ ಏರಿತೇ ಎಂದು ಅಲ್ಲಿ ತಿಳಿಯದು.

ಲೆಕ್ಕ ಹೀಗೆ. ಪ್ರಚಾರಕ್ಕೆ ಮುಂಚಿನ ಮೂರು ತಿಂಗಳ ಸರಾಸರಿಯಲ್ಲಿ ಮೈಸೂರಿನಿಂದ ತಿಂಗಳಿಗೆ 60 ಹೊಸ ಗಿರಾಕಿಗಳು, ಹೋಲಿಕೆಯ ಎರಡೂರು ಸೇರಿ 50. ಪ್ರಚಾರದ ನಾಲ್ಕನೇ ತಿಂಗಳಲ್ಲಿ ಮೈಸೂರು 90, ಹೋಲಿಕೆಯ ಊರುಗಳು 55. ಹೋಲಿಕೆಯ ಊರುಗಳೇ ನೂರಕ್ಕೆ ಹತ್ತು ಏರಿವೆ. ಆದ್ದರಿಂದ ಮೈಸೂರು ಪ್ರಚಾರವಿಲ್ಲದೆಯೂ 66ಕ್ಕೆ ಬರುತ್ತಿತ್ತು. ಪ್ರಚಾರದ ಪಾಲು 24. ಇಷ್ಟು ಸಣ್ಣ ಸಂಖ್ಯೆಗಳು ಸುಮ್ಮಸುಮ್ಮನೆಯೂ ಏರಿಳಿಯುತ್ತವೆ. ಒರಟು ಲೆಕ್ಕಕ್ಕೆ ನಿರೀಕ್ಷಿತ ಸಂಖ್ಯೆಯ ವರ್ಗಮೂಲ ತೆಗೆಯಿರಿ: 66ಕ್ಕೆ ಸುಮಾರು 8. ಏರಿಕೆ ಅದರ ಎರಡು ಪಟ್ಟಿನೊಳಗಿದ್ದರೆ ಅದೃಷ್ಟವಿರಬಹುದು. 24 ಅದನ್ನು ದಾಟಿದೆ. ಆದರೂ ಒಂದೇ ತಿಂಗಳು ನೋಡಿ ನಂಬಬೇಡಿ, ಹಿಂದಿನ ತಿಂಗಳುಗಳಲ್ಲೂ ಏರುತ್ತಲೇ ಬಂದಿದೆಯೇ ನೋಡಿ.

ಅಂಗಡಿಯ ಮಾರಾಟವನ್ನೂ ಸೇರಿಸಬೇಕು. ಬ್ರ್ಯಾಂಡ್ ಜಾಹೀರಾತು ನೋಡಿದವರಲ್ಲಿ ಹಲವರು ವೆಬ್‌ಸೈಟಿಗೆ ಬರುವುದೇ ಇಲ್ಲ, ಬೀದಿ ಕೊನೆಯ ಅಂಗಡಿಗೆ ಹೋಗುತ್ತಾರೆ. ಮೈಸೂರಿನ ಅಂಗಡಿಗಳಲ್ಲಿ ತಿಂಗಳಿಗೆ 400 ಪ್ಯಾಕೆಟ್ ಹೋಗುತ್ತಿದ್ದದ್ದು 520 ಆಯಿತು, ಪ್ಯಾಕೆಟ್ಟಿಗೆ 60 ರೂಪಾಯಿ ಉಳಿಯುತ್ತದೆ ಎಂದರೆ 7,200. ವಿತರಕರಿಗೆ ಕಳಿಸಿದ ಸರಕನ್ನಲ್ಲ, ಅಂಗಡಿಯಿಂದ ಮಾರಾಟವಾದದ್ದನ್ನು ಎಣಿಸಿ. ಗೋದಾಮಿನಲ್ಲಿ ಕೂತ ಪೆಟ್ಟಿಗೆ ಮಾರಾಟವಲ್ಲ. 24 ಹೊಸ ಗಿರಾಕಿಗಳಿಂದ ವರ್ಷದಲ್ಲಿ ತಲಾ 540ರಂತೆ 12,960. ಒಟ್ಟು 20,000ದ ಆಸುಪಾಸು. ಖರ್ಚು ಬರೀ ಪ್ರಸಾರಕ್ಕೇ 30,000, ಎಲ್ಲ ಸೇರಿ 40,000.

ಅಂದರೆ ನಾಲ್ಕನೇ ತಿಂಗಳಲ್ಲೂ ನಷ್ಟವೇ. ಇಲ್ಲಿ ಬಹಳ ಜನ ಕೈ ಎತ್ತುತ್ತಾರೆ. ಈ ಘಟ್ಟದಲ್ಲಿ ಕೇಳಬೇಕಾದ್ದು ಲಾಭ ಬಂತೇ ಎಂದಲ್ಲ, ತಿಂಗಳಿಂದ ತಿಂಗಳಿಗೆ ಅಂತರ ಅಗಲವಾಗುತ್ತಿದೆಯೇ ಎಂದು. ಜೊತೆಗೆ ಇನ್ನೊಂದು ಗುರುತು ನೋಡಿ: ಗೂಗಲ್ ಆ್ಯಡ್ಸ್‌ನ ಊರುವಾರು ವರದಿಯಲ್ಲಿ ಮೈಸೂರಿನ ಹೊಸ ಗಿರಾಕಿಯ ತಲಾ ಖರ್ಚು ಹೋಲಿಕೆಯ ಊರುಗಳಿಗಿಂತ ಇಳಿಯುತ್ತಿದೆಯೇ? ಕೇಳಿದ ಹೆಸರಾದರೆ ಜನ ಬೇಗ ಒತ್ತುತ್ತಾರೆ, ಕ್ಯಾಶ್ ಆನ್ ಡೆಲಿವರಿಯ ಬದಲು ಮೊದಲೇ ದುಡ್ಡು ಕೊಡುತ್ತಾರೆ, ಪೊಟ್ಟಣ ವಾಪಸ್ ಬರುವುದೂ ಕಡಿಮೆಯಾಗುತ್ತದೆ. ಈ ಉಳಿತಾಯ ಮೇಲಿನ ಲೆಕ್ಕದಲ್ಲಿ ಬಂದಿಲ್ಲ. ಪ್ರಚಾರ ಶುರು ಮಾಡುವ ದಿನವೇ ತೀರ್ಮಾನದ ಗೆರೆಯನ್ನು ಬರೆದಿಡಿ: ಆರನೇ ತಿಂಗಳಿಗೆ ಹೋಲಿಕೆಯ ಊರುಗಳೊಂದಿಗೆ ಅಂತರವೇ ಕಾಣದಿದ್ದರೆ ಜಾಹೀರಾತು ಬದಲಿಸುವುದು, ಹನ್ನೆರಡನೇ ತಿಂಗಳಿಗೆ ಆ ತಿಂಗಳ ಖರ್ಚು ಮರಳದಿದ್ದರೆ ನಿಲ್ಲಿಸುವುದು. ನಡುವೆ ಬರೆದದ್ದನ್ನು ತಿದ್ದುವ ಆಸೆ ಖಂಡಿತ ಬರುತ್ತದೆ.

ಆಮೇಲೆ: ಹೊಂದಿಸುವುದು, ಕತ್ತರಿಸುವುದು

ಮೂರು ತಿಂಗಳಿಗೊಮ್ಮೆ ಮೂರನೇ ಹೆಜ್ಜೆಯ ಕೋಷ್ಟಕವನ್ನು ಹೊಸದಾಗಿ ಮಾಡಿ. ಹೆಚ್ಚುವರಿ ಗಿರಾಕಿಯ ಖರ್ಚು ಮಿತಿಗಿಂತ ಕೆಳಗೆ ಬಂದಿದ್ದರೆ ಪರ್ಫಾರ್ಮೆನ್ಸ್‌ಗೆ ಇನ್ನಷ್ಟು ಜಾಗ ಸಿಕ್ಕಿತೆಂದು ಅರ್ಥ. ಒಂದು ಸಲಕ್ಕೆ ಒಟ್ಟು ಬಜೆಟ್ಟಿನ ಶೇ. 10ಕ್ಕಿಂತ ಹೆಚ್ಚು ಅತ್ತಿತ್ತ ಮಾಡಬೇಡಿ. ಮಾಡಿದರೆ ಮುಂದಿನ ಅಂಕಿಗಳಿಗೆ ಕಾರಣ ಯಾವುದೆಂದು ಹೇಳಲಾಗುವುದಿಲ್ಲ. ಲೆಕ್ಕದಲ್ಲಿ ಜಾಹೀರಾತು ಖರ್ಚಿನ ಮೇಲಿನ ಶೇ. 18 ಜಿಎಸ್‌ಟಿ ಮರೆಯಬೇಡಿ. ಸಾಮಾನ್ಯ ನೋಂದಣಿ ಇದ್ದರೆ ಅದು ಇನ್‌ಪುಟ್ ಕ್ರೆಡಿಟ್ ಆಗಿ ಮರಳುತ್ತದೆ. ಕಾಂಪೋಸಿಷನ್ ಯೋಜನೆಯಲ್ಲಿದ್ದರೆ ಮರಳುವುದಿಲ್ಲ, ಆಗ 30,000 ಎಂದರೆ 35,400.

ಮಾರಾಟ ಕುಸಿದಾಗ ಮೊದಲು ಕತ್ತರಿ ಬೀಳುವುದು ಬ್ರ್ಯಾಂಡಿಗೆ, ಏಕೆಂದರೆ ನಿಲ್ಲಿಸಿದ ಮರುದಿನ ಏನೂ ಆಗುವುದಿಲ್ಲ. ಪೆಟ್ಟು ಆರೆಂಟು ತಿಂಗಳ ಮೇಲೆ, ಹೊಸ ಗಿರಾಕಿಯ ತಲಾ ಖರ್ಚು ನಿಧಾನಕ್ಕೆ ಏರುವ ರೂಪದಲ್ಲಿ ಬರುತ್ತದೆ. ಅಷ್ಟರಲ್ಲಿ ಕಾರಣ ಯಾರಿಗೂ ನೆನಪಿರುವುದಿಲ್ಲ. ಕತ್ತರಿಸಲೇಬೇಕಾದರೆ ಮೊದಲು ರೀಟಾರ್ಗೆಟಿಂಗ್, ಆಮೇಲೆ ಪರ್ಫಾರ್ಮೆನ್ಸ್‌ನ ಕೊನೆಯ, ದುಬಾರಿ ಪದರ, ಆಮೇಲೆ ಬ್ರ್ಯಾಂಡ್. ಕೈಯಲ್ಲಿರುವ ಹಣ ಮೂರು ತಿಂಗಳ ಸಂಬಳ, ಬಾಡಿಗೆಗೂ ಸಾಲದಿದ್ದರೆ, ಅಥವಾ ಬೀಜದ ಬೆಲೆ ಏರಿ ಸರಕೇ ಸಾಕಷ್ಟು ಇಲ್ಲದಿದ್ದರೆ ಈ ಕ್ರಮ ಬೇಡ. ಆಗ ಬ್ರ್ಯಾಂಡನ್ನು ಪೂರ್ತಿ ನಿಲ್ಲಿಸುವುದೇ ಸರಿ.

ಮೈಸೂರು ಗೆದ್ದಿತು ಎನ್ನಿ. ಮುಂದಿನ ಊರಿಗೆ ಹೋಗುವಾಗ 30,000ವನ್ನು ಎರಡಾಗಿ ಒಡೆದು ಎರಡೂರಿಗೆ ಹಾಕಬೇಡಿ. ಹೊಸ ಊರಿಗೆ ಬೇಕಾದ ಪೂರ್ತಿ ಪ್ರಮಾಣವನ್ನು ಅದರ ಜನಸಂಖ್ಯೆಯಿಂದ ಹೊಸದಾಗಿ ಲೆಕ್ಕ ಹಾಕಿ, ತಿಂಗಳಿಗೆ ಮೂರು ಸಲ ಕಾಣುವಂತೆ. ಮೈಸೂರಿಗೆ ಮೊದಲಿನ ಅರ್ಧ ಇರಲಿ, ಎರಡು ತಿಂಗಳು ಹೊಸ ಗಿರಾಕಿಗಳ ಸಂಖ್ಯೆ ಕುಸಿಯದಿದ್ದರೆ ಆ ಅರ್ಧವನ್ನೇ ಮುಂದುವರಿಸಿ. ಹೊಸ ಊರಿನ ಹಣ ಬರಬೇಕಾದ್ದು ಆ ಉಳಿದ ಅರ್ಧದಿಂದ ಮತ್ತು ಹೆಚ್ಚಿದ ವಹಿವಾಟಿನಿಂದ. ಹೋಲಿಕೆಗೆ ಇಟ್ಟುಕೊಂಡ ತುಮಕೂರು, ಶಿವಮೊಗ್ಗಗಳಲ್ಲಿ ಒಂದನ್ನು ಮುಂದಿನ ಊರಾಗಿ ಆರಿಸಿದರೆ, ಪ್ರಚಾರಕ್ಕೆ ಮೂರು ತಿಂಗಳ ಮುಂಚೆಯೇ ಅದರ ಜಾಗಕ್ಕೆ ಹಾಸನವನ್ನೋ ಮಂಡ್ಯವನ್ನೋ ಹೋಲಿಕೆಯ ಪಟ್ಟಿಗೆ ಸೇರಿಸಿ ಎಣಿಸಲು ಶುರು ಮಾಡಿ.